ಹುಲಿಯ ಹೊಟ್ಟೆ ಹಸಿರಾದದ್ದು ಹೇಗೆ: ಫೋಟೋದಿಂದ ಚಿತ್ರಕ್ಕೆ ಮೂರು ದಾರಿ

ಪ್ರಾಂಶುಪಾಲರಿಗೆ, ನಮ್ಮ ಚಿತ್ರಕಲಾ ಸಂಘವನ್ನು ನೋಡಿಕೊಳ್ಳುವ ಮೇಡಂಗೆ, ಕಾಪು, ಮಲ್ಪೆ, ಬ್ರಹ್ಮಾವರ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಉಡುಪಿಗೆ ಬಂದ ನಿಮಗೆಲ್ಲ ನಮಸ್ಕಾರ. ಸ್ವಾಗತ ಆಗಿದೆ, ದೀಪ ಹಚ್ಚಿಯೂ ಆಗಿದೆ. ಸಂಘದ ಅಧ್ಯಕ್ಷ ಅಂತ ನನಗೆ ಕೊಟ್ಟ ಹೊತ್ತಿನಲ್ಲಿ ಒಂದೇ ಒಂದು ಫೋಟೋದ ವಿಷಯ ಹೇಳುತ್ತೇನೆ. ಆ ಫೋಟೋವನ್ನು ನಾನು ಮೂರು ದಾರಿಯಲ್ಲಿ ಚಿತ್ರ ಮಾಡಿ ನೋಡಿದ್ದೇನೆ. ಮೂರರಲ್ಲಿ ನನಗೆ ಹಿಡಿಸಿದ್ದು ಕೊನೆಯದು, ಮೌಸ್ ಹಿಡಿದು ಕೈಯಲ್ಲೇ ಗೆರೆ ಎಳೆಯುವುದು. ಇವತ್ತಿನ ಕಾರ್ಯಾಗಾರವನ್ನು ಅದರ ಮೇಲೆಯೇ ಇಟ್ಟುಕೊಂಡಿದ್ದೇವೆ. ಯಾಕೆ ಅಂತ ತಿಳಿಯಬೇಕಾದರೆ ಮೊದಲೆರಡು ದಾರಿಯಲ್ಲಿ ಏನಾಯಿತು ಅಂತ ಕೇಳಬೇಕು.

ಫೋಟೋ ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ತೆಗೆದದ್ದು. ಸಂಜೆಯ ಹೊತ್ತು. ಪಟ್ಟೆ ಹುಲಿಯ ವೇಷ ಹಾಕಿದವನು ತಾಸೆಯ ಬಡಿತಕ್ಕೆ ಹಿಂದಕ್ಕೆ ಬಾಗಿದ್ದಾನೆ. ಎದೆಯ ಮೇಲೆ ಬಿಸಿಲು, ಹೊಟ್ಟೆಯ ಕೆಳಗೆ ನೆರಳು, ಬಣ್ಣದ ಮೇಲೆ ಬೆವರಿನ ಹೊಳಪು. ಕಾಲೇಜು ಹಬ್ಬದ ಟೀ ಶರ್ಟಿಗೆ ಇದೇ ಆಗಬೇಕು ಅಂತ ಎಲ್ಲರೂ ಒಪ್ಪಿದರು. ಅರವತ್ತು ಶರ್ಟು, ಸ್ಕ್ರೀನ್ ಪ್ರಿಂಟಿಂಗ್. ಈ ಮುದ್ರಣದಲ್ಲಿ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಅಂದರೆ ಬಣ್ಣ ಒತ್ತುವ ಜಾಲರಿಯ ಚೌಕಟ್ಟು, ಕಟ್ಟಬೇಕು, ಪ್ರತಿ ಸ್ಕ್ರೀನಿಗೂ ಬೇರೆ ದುಡ್ಡು. ನಮ್ಮ ಸಂಘದ ಹಣದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಈ ನಾಲ್ಕು ಅನ್ನುವ ಲೆಕ್ಕ ನೆನಪಿರಲಿ.

ಮೊದಲ ದಾರಿ ಫೋನಿನ ಫಿಲ್ಟರ್. ಒಂದು ಸಲ ಒತ್ತಿದರೆ ಕಾರ್ಟೂನು, ಇನ್ನೊಂದು ಸಲ ಒತ್ತಿದರೆ ಎಣ್ಣೆ ಬಣ್ಣದ ಚಿತ್ರ. ನೋಡಲಿಕ್ಕೆ ಚಂದವೇ. ಆದರೆ 4000 ಪಿಕ್ಸೆಲ್ ಅಗಲದ ನನ್ನ ಫೋಟೋ ಹೊರಗೆ ಬರುವಾಗ 1280 ಆಗಿತ್ತು. ಶರ್ಟಿನ ಮೇಲೆ ಹನ್ನೊಂದು ಇಂಚು ಅಗಲಕ್ಕೆ ಅಚ್ಚು ಹಾಕಿಸಿದರೆ ಇಂಚಿಗೆ 116 ಪಿಕ್ಸೆಲ್ ಮಾತ್ರ ಸಿಗುತ್ತದೆ, ಪ್ರಿಂಟಿನವರು ಕೇಳುವುದು 300. ಬಣ್ಣಗಳಂತೂ ಎಣಿಸಲಿಕ್ಕೆ ಆಗದಷ್ಟು. ಸ್ಟೇಟಸ್ಸಿಗೆ ಹಾಕುವುದಾದರೆ ಇದು ಸಾಕು, ಅದಕ್ಕಿಂತ ಆಚೆಗೆ ಬರುವುದಿಲ್ಲ.

ಎರಡನೆಯದು ಕಂಪ್ಯೂಟರಿಗೇ ಬಿಟ್ಟು ಮಾಡಿಸುವ ದಾರಿ. GIMP ನಲ್ಲಿ ಫೋಟೋ ತೆರೆದು Colors ಮೆನುವಿನ Posterize ಹಾಕಿ ಬಣ್ಣ ಕಡಿಮೆ ಮಾಡುವುದು, ಅದನ್ನು Inkscape ಗೆ ತಂದು Path ಮೆನುವಿನ Trace Bitmap ಇಂದ ಗೆರೆ ತೆಗೆಸುವುದು. ಎರಡೂ ಪುಕ್ಕಟೆ, ಎರಡೂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಯುತ್ತವೆ. ನಾನು ಮಾಡಿದ್ದು ಇದನ್ನೇ. ಅರವತ್ತು ಶರ್ಟು ಅಚ್ಚಾಗಿ ಬಂದವು. ಪೊಟ್ಟಣ ಬಿಚ್ಚಿದಾಗ ಹುಲಿಯ ಹೊಟ್ಟೆ ಪಾಚಿಯ ಹಸಿರು, ಎದೆಯ ತುಂಬ ಕಿತ್ತಳೆ ತೇಪೆ, ಪ್ರತಿ ಪಟ್ಟೆಯ ಅಂಚಿನಲ್ಲಿ ಬಿಳಿ ಕೂದಲೆಳೆ. ಅಷ್ಟು ಜನರ ದುಡ್ಡು ಹಾಕಿ ಮಾಡಿಸಿದ್ದು. ಆ ರಾತ್ರಿ ಕೂತು ಎಲ್ಲಿ ತಪ್ಪಿತು ಅಂತ ಒಂದೊಂದೇ ಹಂತ ಹಿಂದಕ್ಕೆ ಹೋಗಿ ನೋಡಿದೆ.

ಹಸಿರು ಎಲ್ಲಿಂದ ಬಂತು? ಸಂಜೆಯ ಬೆಳಕು ಕಾರಣ ಇರಬೇಕು ಅಂತ ಮೊದಲು ಅನಿಸಿತು. ಅದಲ್ಲ. ಪರದೆಯ ಮೇಲಿನ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆ, ಒಂದೊಂದೂ 0 ಇಂದ 255 ರ ಒಳಗೆ. Posterize ಈ ಮೂರನ್ನೂ ಬೇರೆ ಬೇರೆಯಾಗಿ ಹತ್ತಿರದ ಮೆಟ್ಟಿಲಿಗೆ ದೂಡುತ್ತದೆ. ನಾನು ಕೊಟ್ಟದ್ದು ಮೂರು ಮೆಟ್ಟಿಲು. ಅಂದರೆ 0, 128, 255. ಮೂರು ಅಂತ ಕೊಟ್ಟರೆ ಮೂರು ಬಣ್ಣ ಬರುತ್ತದೆ ಅಂತ ತಿಳಿದಿದ್ದೆ. ಬರುವುದು ಮೂರನ್ನು ಮೂರು ಸಲ ಗುಣಿಸಿದಷ್ಟು, 27 ಬಣ್ಣದವರೆಗೆ.

ಎದೆಯ ಮೇಲೆ ಪಕ್ಕಪಕ್ಕದಲ್ಲಿದ್ದ ಎರಡು ಚುಕ್ಕಿಗಳನ್ನು ತೆಗೆದುಕೊಳ್ಳಿ. ಒಂದು 240, 200, 40. ಇನ್ನೊಂದು 240, 190, 40. ಕಣ್ಣಿಗೆ ಎರಡೂ ಒಂದೇ ಹಳದಿ. ಮೊದಲನೆಯದರಲ್ಲಿ 200 ಮೇಲಕ್ಕೆ ಹಾರಿ 255 ಆಗುತ್ತದೆ, ಚುಕ್ಕಿ ಲಿಂಬೆಯ ಹಳದಿ. ಎರಡನೆಯದರಲ್ಲಿ 190 ಕೆಳಕ್ಕೆ ಜಾರಿ 128 ಆಗುತ್ತದೆ, ಚುಕ್ಕಿ ಕಿತ್ತಳೆ. ತೇಪೆ ಬಂದದ್ದು ಹೀಗೆ. ಇನ್ನು ಹೊಟ್ಟೆಯ ನೆರಳಿನ ಹಳದಿ, 120, 95, 30. ಕೆಂಪು 128 ಆಯಿತು, ಹಸಿರೂ 128 ಆಯಿತು, ನೀಲಿ ಸೊನ್ನೆ. ಕೆಂಪೂ ಹಸಿರೂ ಸಮಸಮ ಇದ್ದು ನೀಲಿ ಇಲ್ಲದ ಮಂದ ಬಣ್ಣವೇ ಪಾಚಿಯ ಹಸಿರು. ಪರದೆಯಲ್ಲಿ ನೋಡುವಾಗ ಅದೊಂದು ಕಲೆಯ ಹಾಗೆ ಕಂಡಿತ್ತು. ಬಿಳಿ ಬಟ್ಟೆಯ ಮೇಲೆ ಒಂಟಿಯಾಗಿ ಕೂತಾಗ ಹುಲಿ ಹುಲಿಯಾಗಿ ಉಳಿಯಲಿಲ್ಲ.

ಬಿಳಿ ಕೂದಲೆಳೆಯದ್ದು ಬೇರೆ ಕಾರಣ. Trace Bitmap ನಲ್ಲಿ Stack ಅಂತ ಒಂದು ಗುರುತು ಇದೆ. ಅದು ಇದ್ದರೆ ಬಣ್ಣಗಳು ಒಂದರ ಮೇಲೊಂದು ಹಾಸಿಕೊಳ್ಳುತ್ತವೆ, ತೆಗೆದರೆ ನೆಲಕ್ಕೆ ಹಾಸಿದ ಟೈಲ್ಸಿನ ಹಾಗೆ ಪಕ್ಕಪಕ್ಕ ಕೂರುತ್ತವೆ. ಸ್ಕ್ರೀನಿಗೆ ಬಣ್ಣ ಬೇರೆ ಮಾಡಲು ಸುಲಭ ಅಂತ ನಾನು ತೆಗೆದಿದ್ದೆ. ಆದರೆ ಪ್ರತಿ ಬಣ್ಣದ ಅಂಚನ್ನೂ ಅದು ಬೇರೆಯಾಗಿ ನಯ ಮಾಡುವುದರಿಂದ ಎರಡು ಅಂಚು ಸರಿಯಾಗಿ ಕೂಡುವುದಿಲ್ಲ. ಅದರ ಮೇಲೆ ಕೈಯಲ್ಲಿ ಒತ್ತುವ ಸ್ಕ್ರೀನು ಕೂದಲಷ್ಟು ಸರಿದರೂ ಸಾಕು, ನಡುವೆ ಬಟ್ಟೆ ಇಣುಕುತ್ತದೆ. ಮುದ್ರಿಸಿದವರದ್ದು ಇದರಲ್ಲಿ ಏನೂ ತಪ್ಪಿಲ್ಲ, ನಾನು ಕೊಟ್ಟ ಫೈಲೇ ಹಾಗಿತ್ತು.

ಇಂಥ ಫೈಲನ್ನು ಮೊದಲೇ ಪತ್ತೆ ಮಾಡಬಹುದು. Inkscape ನಲ್ಲಿ ಎಲ್ಲವನ್ನೂ ಆಯ್ದು N ಒತ್ತಿ, ಕೆಳಗಿನ ಪಟ್ಟಿಯಲ್ಲಿ ಎಷ್ಟು ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದು, ಇವೆ ಅಂತ ಓದಿ. ನನ್ನ ಹುಲಿಯಲ್ಲಿ ಹನ್ನೊಂದು ಸಾವಿರ ದಾಟಿತ್ತು. View ಮೆನುವಿನ Display Mode ನಲ್ಲಿ Outline ಹಾಕಿದರೆ ಬೆವರಿನ ಒಂದೊಂದು ಮಿಂಚಿಗೂ ಒಂದೊಂದು ಚಿಕ್ಕ ಉಂಗುರ, ಬಲೆ ಸಿಕ್ಕುಹಾಕಿಕೊಂಡ ಹಾಗೆ. ಸ್ಕ್ರೀನ್ ಕಟ್ಟುವಾಗ ಅಂಥ ಚುಕ್ಕಿಗಳು ಅರ್ಧ ನಿಲ್ಲುವುದಿಲ್ಲ, ಅರ್ಧ ಮುಚ್ಚಿಹೋಗುತ್ತವೆ. Trace Bitmap ನಲ್ಲೇ Speckles ನ ಸಂಖ್ಯೆ ಏರಿಸಿ ಅವನ್ನು ಅಳಿಸಬಹುದು. ಆಗ ಕಣ್ಣಿನ ಬೆಳಕೂ ಜೊತೆಗೆ ಹೋಗುತ್ತದೆ. ಯಾವ ಚುಕ್ಕಿ ಬೆವರು, ಯಾವುದು ಕಣ್ಣು ಅಂತ ಅದಕ್ಕೆ ಗೊತ್ತಿಲ್ಲ.

ಈಗ ನನ್ನ ದಾರಿ. ಇದರಲ್ಲೂ GIMP ಇದೆ, Posterize ಇದೆ, ಆದರೆ ಮೊದಲು ಬಣ್ಣ ತೆಗೆಯಬೇಕು. Colors ಮೆನುವಿನ Desaturate ನಲ್ಲಿ Luma ಆರಿಸಿ ಫೋಟೋವನ್ನು ಬೂದು ಮಾಡಿ. ಆಮೇಲೆ Filters ನ Blur ಒಳಗಿನ Median Blur ಇಂದ ಚರ್ಮದ ಚುಕ್ಕಿಗಳನ್ನು ಕರಗಿಸಿ. ನನ್ನ ಫೋಟೋಕ್ಕೆ ತ್ರಿಜ್ಯ 8 ಸರಿಹೋಯಿತು. ಈ ಕೆಲಸ Posterize ಗಿಂತ ಮೊದಲೇ ಆಗಬೇಕು. ಇಲ್ಲದಿದ್ದರೆ ಆ ಚುಕ್ಕಿಗಳು ಬೇರೆ ಬೇರೆ ಮೆಟ್ಟಿಲಿಗೆ ಹಾರಿ ಕೂರುತ್ತವೆ. ಕೊನೆಗೆ Posterize, ನಾಲ್ಕು ಮೆಟ್ಟಿಲು. ಈಗ ಇರುವುದು ಒಂದೇ ಸಂಖ್ಯೆ, ಹಾಗಾಗಿ ನಾಲ್ಕು ಅಂದರೆ ನಾಲ್ಕೇ: 0, 85, 170, 255.

ಅದೇ ಚುಕ್ಕಿಗಳನ್ನು ಮತ್ತೆ ನೋಡಿ. ಎದೆಯ ಎರಡು ಹಳದಿಗಳು ಬೂದಿನಲ್ಲಿ 197 ಮತ್ತು 190. ಎರಡೂ 170 ಕ್ಕೆ ಹೋದವು, ತೇಪೆ ಮಾಯ. ಹೊಟ್ಟೆಯ ನೆರಳು ಸುಮಾರು 96, ಅದು 85 ಕ್ಕೆ. ಪಟ್ಟೆ ಸೊನ್ನೆಗೆ, ಬೆವರಿನ ದೊಡ್ಡ ಹೊಳಪು 255 ಕ್ಕೆ. ಯಾವ ಮೆಟ್ಟಿಲಿಗೆ ಯಾವ ಬಣ್ಣ ಅಂತ ಈಗ ನಾವು ಹೇಳುತ್ತೇವೆ. ನಾನು ಇಲ್ಲಿ ಒಂದು ಸ್ಕ್ರೀನ್ ಉಳಿಸಿದೆ: 170 ಕ್ಕೆ ಬಣ್ಣವೇ ಹಾಕಲಿಲ್ಲ, ಹಳದಿ ಬಟ್ಟೆಯ ಶರ್ಟನ್ನೇ ತರಿಸಿದೆ. ಹುಲಿಯ ಮೈ ಅಂದರೆ ಬಟ್ಟೆಯ ಮೈ. ಅಚ್ಚು ಹಾಕಿಸಿದ್ದು ಬಿಳಿ, ಕಂದು ಕಿತ್ತಳೆ, ಕಪ್ಪು, ಮೂರೇ ಸ್ಕ್ರೀನು.

ಈ ಬೂದು ಚಿತ್ರವನ್ನು Inkscape ನಲ್ಲಿ ಕೆಳಗಿನ ಲೇಯರಿನಲ್ಲಿಟ್ಟು ಬೀಗ ಹಾಕಿ, ಮೇಲಿನ ಲೇಯರಿನಲ್ಲಿ B ಒತ್ತಿ ಗೆರೆ ಎಳೆಯುತ್ತೇನೆ. ಮೊದಲು ಕಿತ್ತಳೆ ನೆರಳು, ಆಮೇಲೆ ಕಪ್ಪು ಪಟ್ಟೆ, ಬಿಳಿ ಕೊನೆಗೆ. ಕಿತ್ತಳೆಯ ಅಂಚನ್ನು ಪಟ್ಟೆಯ ಹೊರಗೇ ನಿಲ್ಲಿಸದೆ ಕಪ್ಪಿನ ಅಡಿಗೆ ಅರ್ಧದಿಂದ ಒಂದು ಮಿಲಿಮೀಟರ್ ನುಗ್ಗಿಸುತ್ತೇನೆ. ಆಗ ಸ್ಕ್ರೀನ್ ಚೂರು ಸರಿದರೂ ಬಟ್ಟೆ ಇಣುಕುವುದಿಲ್ಲ. ಪಟ್ಟೆಗೆ ನೋಡ್ ಹಾಕುವುದು ಅದು ತಿರುಗುವ ಜಾಗದಲ್ಲಿ ಮಾತ್ರ. ಒಂದು ಪಟ್ಟೆಗೆ ಐದಾರು ಸಾಕು. ಹನ್ನೊಂದು ಸಾವಿರ ಇದ್ದದ್ದು ಏಳುನೂರರ ಒಳಗೆ ಬಂತು. ಕಣ್ಣಿನ ಹತ್ತಿರ ಬಂದಾಗ ನಿಧಾನ ಮಾಡುತ್ತೇನೆ. ಅಲ್ಲಿ ಒಂದು ಬಿಳಿ ಚುಕ್ಕಿ ಎಡಕ್ಕೆ ಸರಿದರೆ ಕುಣಿಯುವವನು ಬೇರೆ ಕಡೆ ನೋಡಿದ ಹಾಗಾಗುತ್ತದೆ. ಆ ಒಂದು ಚುಕ್ಕಿಗೆ ನಾನು ಅರ್ಧ ಗಂಟೆ ಕೊಟ್ಟಿದ್ದೇನೆ.

ಈ ದಾರಿಯಲ್ಲೂ ಕೊರತೆ ಇದೆ. ಹುಲಿಯ ಸೊಂಟದ ಕೆಂಪು ಬಟ್ಟೆ ಬೂದಿನಲ್ಲಿ ಸುಮಾರು 54 ಬಂದು 85 ರ ಮೆಟ್ಟಿಲಿಗೆ ಕೂತಿತು. ಹೊಟ್ಟೆಯ ನೆರಳೂ ಅಲ್ಲೇ ಇದೆ. ಹೊಟ್ಟೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಅಂತ ಬೂದು ಚಿತ್ರದಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಮೂಲ ಫೋಟೋವನ್ನು ಪಕ್ಕದಲ್ಲಿ ತೆರೆದಿಟ್ಟು, ನಡುವೆ ಒಂದು ಸಣ್ಣ ಕಪ್ಪು ಗೆರೆಯನ್ನು ನೋಡಿ ಎಳೆದೆ.

ಇನ್ನು ಹೊತ್ತು. Trace Bitmap ಒಂದು ನಿಮಿಷದ ಕೆಲಸ, ಕೈಗೆರೆ ನನಗೆ ಎರಡು ಸಂಜೆ ಹಿಡಿಯಿತು. ಮೂವತ್ತು ಜನರ ಮುಖ ನಾಳೆಯೇ ಬೇಕು ಅಂದರೆ ನಾನೂ ಕೈಯಲ್ಲಿ ಎಳೆಯುವುದಿಲ್ಲ. ಒಂದೇ ಬಣ್ಣದ ಲೋಗೋ, ಹಾಳೆಯ ಮೇಲೆ ಮಸಿಯಲ್ಲಿ ಬರೆದ ಅಕ್ಷರ, ಇವಕ್ಕೆ Trace Bitmap ನ Brightness cutoff ಬಹಳ ಒಳ್ಳೆಯದು. ನಮ್ಮ ಸಂಘದ ಮುದ್ರೆ ಮಾಡಿದ್ದೂ ಅದರಲ್ಲೇ. ಪೆನ್ ಟ್ಯಾಬ್ಲೆಟ್ ಬೇಕೇ ಅಂತ ಹಲವರು ಕೇಳಿದ್ದೀರಿ. ಬೇಡ. ಬೆರಳು ತಿಕ್ಕುವ ಪ್ಯಾಡಿನಲ್ಲಿ ಮಾತ್ರ ಕೆಲಸ ಸಾಗುವುದಿಲ್ಲ, ಒಂದು ಸಾದಾ ಮೌಸ್ ಇರಲಿ.

ಮನುಷ್ಯನ ಮೈ, ಮುಖ ಇರುವ ಫೋಟೋ, ಅದನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸುವುದು, ಕಡಿಮೆ ದುಡ್ಡು. ಇಷ್ಟು ಇದ್ದರೆ ನನ್ನ ಆಯ್ಕೆ ಕೈಗೆರೆ. ಈ ವರ್ಷದ ಶರ್ಟು ನಾನು ಹಾಕಿಕೊಂಡಿದ್ದೇನೆ, ಹಳೆಯದು ಆ ಮೇಜಿನ ಮೇಲಿದೆ. ಎರಡನ್ನೂ ಮುಟ್ಟಿ ನೋಡಿ, ಹಳೆಯದರ ಪಟ್ಟೆಗಳ ಅಂಚನ್ನು ಹತ್ತಿರದಿಂದ ನೋಡಿ.

ಲ್ಯಾಪ್‌ಟಾಪ್ ತೆರೆಯಿರಿ. ಪೆನ್‌ಡ್ರೈವಿನಲ್ಲಿ huli.jpg ಅಂತ ಒಂದು ಫೈಲ್ ಇದೆ, ಅದೇ ಫೋಟೋ. GIMP ನಲ್ಲಿ ತೆರೆದು ಮೊದಲು ನಾನು ಮಾಡಿದ ತಪ್ಪನ್ನೇ ಮಾಡಿ: ನೇರವಾಗಿ Posterize, ಮೂರು. ಹೊಟ್ಟೆಯ ಹತ್ತಿರ 400 ಪರ್ಸೆಂಟ್ ಹಿಗ್ಗಿಸಿ. ಹಸಿರು ಕಂಡವರು ಕೈ ಎತ್ತಿ, ನಾನು ನಿಮ್ಮ ಬೆಂಚಿಗೆ ಬರುತ್ತೇನೆ.