‘ತಿಂಗಳಿಗೆ ಐದು ಕಿಲೋ ಗ್ಯಾರಂಟಿ’ ಬೋರ್ಡ್ ಕಂಡರೆ ಹುಷಾರು

ಡೊಂಬಿವಲಿ, ಠಾಣೆ ಕಡೆ ಇರುವ ನಮ್ಮವರು ದಯವಿಟ್ಟು ಓದಿ. ಹೆಸರು ಬರೆಯುವುದಿಲ್ಲ, ಇಂಥ ಡಯಟ್ ಸೆಂಟರ್ ಸ್ಟೇಷನ್ ಸುತ್ತ ಒಂದೆರಡಲ್ಲ.

ನನಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: ಬೆಳಿಗ್ಗೆ ಸೋರೆಕಾಯಿ ಜ್ಯೂಸ್, ಮಧ್ಯಾಹ್ನ ಎರಡು ಫುಲ್ಕಾ, ಪಲ್ಯ, ನೀರು ಬೇಳೆ, ಸಂಜೆ ಮಜ್ಜಿಗೆ, ರಾತ್ರಿ ಪಪ್ಪಾಯಿ. ಎಲ್ಲ ಸೇರಿ ಸುಮಾರು 600 ಕ್ಯಾಲೊರಿ. ಪ್ರೋಟೀನ್ 20 ಗ್ರಾಂ ಕೂಡ ಇಲ್ಲ. ಆಗ ನನ್ನ ತೂಕ 74 ಕಿಲೋ. ಆ ತೂಕಕ್ಕೆ, ನನ್ನ ವಯಸ್ಸು ಎತ್ತರಕ್ಕೆ, ದಿನವಿಡೀ ಸುಮ್ನೆ ಮಲಗಿದ್ದರೂ ದೇಹಕ್ಕೆ 1,400ರ ಹತ್ತಿರ ಬೇಕು.

ಮೊದಲ ವಾರವೇ ಮೂರು ಕಿಲೋ ಇಳಿಯಿತು. ಸೆಂಟರಿನವರು ಚಪ್ಪಾಳೆ ತಟ್ಟಿದರು. ಅದರಲ್ಲಿ ಹೆಚ್ಚಿನದು ನೀರು. ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಖರ್ಚಾದಾಗ, ಅದು ಹಿಡಿದಿಟ್ಟ ನೀರೂ ಹೋಗುತ್ತದೆ. ಆಮೇಲೆ ಕೊಬ್ಬು ಕರಗಿತು, ನಿಜ. ಆದರೆ ಊಟದಲ್ಲಿ ಪ್ರೋಟೀನ್ ಇಲ್ಲ, ಭಾರ ಎತ್ತುವ ವ್ಯಾಯಾಮವೂ ಇಲ್ಲ. ಹಾಗಿದ್ದಾಗ ದೇಹ ಸ್ನಾಯುವನ್ನೂ ಒಡೆದು ಬಳಸಿಕೊಳ್ಳುತ್ತದೆ. ಅದು ತೂಕದ ಕಾಟಾದಲ್ಲಿ ಕಾಣಲ್ಲ, ಮನೆಯಲ್ಲಿ ಕಾಣುತ್ತದೆ. ಗ್ಯಾಸ್ ಸಿಲಿಂಡರನ್ನು ಓರೆ ಮಾಡಿ ಉರುಳಿಸಿಕೊಂಡು ಹೋಗುತ್ತಿದ್ದವಳು ನಾನು. 64 ಕಿಲೋಗೆ ಬಂದಾಗ ಅದನ್ನು ಅಲುಗಾಡಿಸಲೂ ಆಗಲಿಲ್ಲ. ಸ್ಟೇಷನ್ ಬ್ರಿಡ್ಜ್‌ನ ಅರ್ಧದಲ್ಲೇ ತೊಡೆ ನಡುಗುತ್ತಿತ್ತು. ಮೇ ತಿಂಗಳ ಸೆಕೆಯಲ್ಲೂ ಕೈಕಾಲು ತಣ್ಣಗೆ. ಮುಟ್ಟು ತಪ್ಪಿತು. ಬಾಚಣಿಗೆ ತುಂಬ ಕೂದಲು. ಇದನ್ನೆಲ್ಲ ಹೇಳಿದರೆ, ‘ಟಾಕ್ಸಿನ್ ಹೊರಗೆ ಹೋಗ್ತಾ ಇದೆ ತಾಯಿ’ ಅನ್ನುವ ಉತ್ತರ!

ಆಮೇಲೆ ತೂಕ ಇಳಿಯುವುದು ನಿಂತೇ ಹೋಯಿತು. ದೇಹ ಚಿಕ್ಕದಾದರೆ ಖರ್ಚು ಕಡಿಮೆ, ಅದು ಸಹಜ. ಆದರೆ ಉಪವಾಸ ಬಿದ್ದ ದೇಹ ಆ ಲೆಕ್ಕಕ್ಕಿಂತಲೂ ಕೈ ಬಿಗಿ ಮಾಡುತ್ತದೆ. ಅಮೆರಿಕದ ಒಂದು ತೂಕ ಇಳಿಸುವ ಟಿವಿ ಸ್ಪರ್ಧೆಯ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿ, ವಿಜ್ಞಾನಿಗಳು 2016ರಲ್ಲಿ ವರದಿ ಕೊಟ್ಟರು. ವಿಶ್ರಾಂತಿಯಲ್ಲಿ ಅವರ ದೇಹ ಸುಡುತ್ತಿದ್ದದ್ದು ಇರಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆ. ಎಲ್ಲರಿಗೂ ಅಷ್ಟು ಇಳಿಯುತ್ತದೆ ಅಂತೇನಿಲ್ಲ. ಅವರದು ವಿಪರೀತದ ಉದಾಹರಣೆ, ಅಲ್ವಾ.

ಪ್ಯಾಕೇಜ್ ಮುಗಿಯಿತು. ಮನೆಯ ಮಾಮೂಲಿ ಅನ್ನ ಸಾರು ಶುರುವಾಯಿತು, ಹಸಿವು ಮಾತ್ರ ಮಾಮೂಲಿಗಿಂತ ಜಾಸ್ತಿ. ವರ್ಷದೊಳಗೆ 76 ಕಿಲೋ. ಕೊಬ್ಬು ಬೇಗ ವಾಪಸ್ ಬರುತ್ತದೆ, ಸ್ನಾಯು ಅಷ್ಟು ಬೇಗ ಬರಲ್ಲ. ಹಾಗಾಗಿ 74 ಕಿಲೋ ಇದ್ದಾಗ ಹೊಲಿಸಿದ ಚೂಡಿದಾರ್ ತೊಡೆಯಲ್ಲಿ ಸಡಿಲ, ಸೊಂಟದಲ್ಲಿ ಏರಲೇ ಇಲ್ಲ.

ನೀವು ಹೋಗುವುದಾದರೆ, ದುಡ್ಡು ಕಟ್ಟುವ ಮುಂಚೆ ದಿನಕ್ಕೆ ಪ್ರೋಟೀನ್ ಎಷ್ಟು ಗ್ರಾಂ ಅಂತ ಕೇಳಿ. ತೂಕ ಇಳಿಸುವಾಗ ದೇಹದ ತೂಕದ ಪ್ರತಿ ಕಿಲೋಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿಯೇ ಬೇಕು, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ. 800 ಕ್ಯಾಲೊರಿಗಿಂತ ಕಡಿಮೆ ಕೊಟ್ಟರೆ, ರಕ್ತ ಪರೀಕ್ಷೆ ಮಾಡಿಸುತ್ತಾ ನೋಡಿಕೊಳ್ಳುವ ಡಾಕ್ಟರ್ ಯಾರು ಅಂತ ಕೇಳಿ.

ಮೊನ್ನೆ ಅದೇ ಸೆಂಟರಿಂದ ಫೋನ್ ಬಂತು. ಹಳೇ ಗ್ರಾಹಕರಿಗೆ ಅರ್ಧ ಬೆಲೆಗೆ ಅದೇ ಪ್ಯಾಕೇಜ್ ಅಂತೆ. ಈ ಸಲ ಶುರುವಿಗೇ ಸ್ನಾಯು ಕಡಿಮೆ ಇದೆಯಲ್ಲ ಅಂದೆ. ಆ ಹುಡುಗಿ, ‘ಮ್ಯಾಡಮ್, ಆಫರ್ ಭಾನುವಾರದವರೆಗೆ ಮಾತ್ರ’ ಅಂದಳು.