ಡಬ್ಬಿಯ ಮೇಲೆ ಎಂಪಿಪಿಟಿ, ಒಳಗೆ ಪಿಡಬ್ಲ್ಯೂಎಂ

ಸೋಲಾರ್ ಹಾಕಿಸುವವರು, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಚಾರ್ಜ್ ಕಂಟ್ರೋಲರ್ ಮೇಲಿನ ಹೆಸರನ್ನು ನಂಬಬೇಡಿ. ಇದರಲ್ಲಿ ಎರಡು ಬಗೆ: ದುಬಾರಿಯ ಎಂಪಿಪಿಟಿ, ಸರಳವಾದ ಪಿಡಬ್ಲ್ಯೂಎಂ. ಚಳ್ಳಕೆರೆ ಬಳಿ ನಮ್ಮ ಅಣ್ಣನ ತೋಟದ ಮನೆಗೆ ಅಂಗಡಿಯವರೊಬ್ಬರು 335 ವ್ಯಾಟ್‌ನ ಒಂದು ಪ್ಯಾನೆಲ್, 12 ವೋಲ್ಟ್‌ನ 150 ಎಎಚ್ ಬ್ಯಾಟರಿ ಮತ್ತು 'ಎಂಪಿಪಿಟಿ' ಎಂದು ದೊಡ್ಡದಾಗಿ ಅಚ್ಚು ಹಾಕಿದ ಕಂಟ್ರೋಲರ್ ಕೊಟ್ಟರು. ಒಂದು ಫ್ಯಾನ್, ನಾಲ್ಕು ಎಲ್‌ಇಡಿ ದೀಪ, ಒಂದು ಟಿವಿ. ದಿನದ ಖರ್ಚು ಸುಮಾರು 800 ವ್ಯಾಟ್-ಅವರ್. ಬಿಸಿಲಿಗೆ ಆ ಸೀಮೆಯಲ್ಲಿ ಬರವಿಲ್ಲ. ಆದರೂ ಬ್ಯಾಟರಿ ತುಂಬುತ್ತಲೇ ಇರಲಿಲ್ಲ. ನಡುರಾತ್ರಿಗೇ ಇನ್ವರ್ಟರ್ ಕೂಗಿಕೊಳ್ಳುತ್ತಿತ್ತು. ಕೇಳಿದರೆ, 'ಇನ್ನೊಂದು ಪ್ಯಾನೆಲ್ ಹಾಕಿಸಿ' ಎಂಬ ಉತ್ತರ. ಅದಕ್ಕೆ ಮತ್ತೆ 10,000 ರೂಪಾಯಿ!

ಮಧ್ಯಾಹ್ನ ಬ್ಯಾಟರಿ ಅರ್ಧ ಖಾಲಿ ಇದ್ದಾಗ ಮೀಟರ್ ಹಿಡಿದು ನೋಡಿದೆ. ಕಂಟ್ರೋಲರ್‌ಗೆ ಪ್ಯಾನೆಲ್ ತಂತಿ ಸೇರುವಲ್ಲಿ 13.4 ವೋಲ್ಟ್, ಬ್ಯಾಟರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆ 8.4 ಆಂಪಿಯರ್. ಅಲ್ಲಿಗೆ ಬಣ್ಣ ಬಯಲಾಯಿತು: ಒಳಗಿದ್ದದ್ದು ಪಿಡಬ್ಲ್ಯೂಎಂ.

ಪಿಡಬ್ಲ್ಯೂಎಂ ಎಂಬುದು ವೇಗವಾಗಿ ಹಾಕಿ ತೆಗೆಯುವ ಸ್ವಿಚ್ಚು, ಅಷ್ಟೇ. ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವುದರಿಂದ ಪ್ಯಾನೆಲ್‌ನ ವೋಲ್ಟೇಜು ಬ್ಯಾಟರಿಯ ಮಟ್ಟಕ್ಕೆ ಇಳಿಯುತ್ತದೆ, ಕರೆಂಟು ಮಾತ್ರ ಹೆಚ್ಚುವುದಿಲ್ಲ. 72 ಕೋಶಗಳ ಈ ಪ್ಯಾನೆಲ್ ಪೂರ್ತಿ ಶಕ್ತಿ ಕೊಡುವುದು ಸುಮಾರು 38 ವೋಲ್ಟ್‌ನಲ್ಲಿ, ಕಾದಾಗ 32ರ ಆಸುಪಾಸಿನಲ್ಲಿ. ಅದನ್ನು 13.4ಕ್ಕೆ ಎಳೆದರೆ ಸಿಗುವುದು ಬರೀ 112 ವ್ಯಾಟ್. ದಿನಕ್ಕೆ ಐದು ಗಂಟೆಯ ಒಳ್ಳೆಯ ಬಿಸಿಲೆಂದರೂ 560 ವ್ಯಾಟ್-ಅವರ್. 800 ಎಲ್ಲಿಂದ ಬರಬೇಕು?

ನಿಜವಾದ ಎಂಪಿಪಿಟಿ ಪ್ಯಾನೆಲನ್ನು ಅದರದೇ ವೋಲ್ಟೇಜಿನಲ್ಲಿ ದುಡಿಯಲು ಬಿಟ್ಟು, ಹೆಚ್ಚುವರಿ ವೋಲ್ಟೇಜನ್ನು ಕರೆಂಟಾಗಿ ಪರಿವರ್ತಿಸುತ್ತದೆ. ಬದಲಾಯಿಸಿದ ಮೇಲೆ ಪ್ಯಾನೆಲ್ ಕಡೆ 32 ವೋಲ್ಟ್, 7.8 ಆಂಪಿಯರ್, ಬ್ಯಾಟರಿ ಕಡೆ 17.6 ಆಂಪಿಯರ್. ಅದೇ ಪ್ಯಾನೆಲ್, ಎರಡು ಪಟ್ಟಿಗಿಂತ ಹೆಚ್ಚು ಚಾರ್ಜು. ಬೆಲೆ 5,500 ರೂಪಾಯಿ, ಇನ್ನೊಂದು ಪ್ಯಾನೆಲ್‌ನ ಅರ್ಧಕ್ಕಿಂತ ತುಸು ಮೇಲೆ.

ಕೊಳ್ಳುವಾಗ ಅಂಗಡಿಯವರ ಎದುರೇ ಈ ಪರೀಕ್ಷೆ ಮಾಡಿಸಿ. ಬ್ಯಾಟರಿ ತುಂಬಿದ್ದರೆ ಮಾತ್ರ ಇದು ದಾರಿ ತಪ್ಪಿಸುತ್ತದೆ, ಏಕೆಂದರೆ ಆಗ ಎರಡು ಬಗೆಯವೂ ಚಾರ್ಜನ್ನು ತಡೆಹಿಡಿಯುತ್ತವೆ. ಕೈಗೆತ್ತಿಕೊಂಡರೂ ಸುಳಿವು ಸಿಗುತ್ತದೆ: ಅಸಲಿಯಲ್ಲಿ ದಪ್ಪ ತಾಮ್ರದ ಸುರುಳಿ ಇರುವುದರಿಂದ ಅದು ಭಾರ, ನಕಲಿ ಹಗುರ.

ಹಾಗೆಂದು ಎಲ್ಲರಿಗೂ ದುಬಾರಿಯದೇ ಬೇಕಿಲ್ಲ. 36 ಕೋಶಗಳ 100 ವ್ಯಾಟ್ ಪ್ಯಾನೆಲನ್ನು 12 ವೋಲ್ಟ್ ಬ್ಯಾಟರಿಗೆ ಹಾಕುವವರಿಗೆ ಪಿಡಬ್ಲ್ಯೂಎಂ ಧಾರಾಳವಾಗಿ ಸಾಕು. ಆ ಪ್ಯಾನೆಲ್‌ನ ವೋಲ್ಟೇಜು 18ರಷ್ಟಿದ್ದು, ನಮ್ಮ ಬೇಸಿಗೆಯಲ್ಲಿ 16ರ ಹತ್ತಿರಕ್ಕೆ ಇಳಿಯುತ್ತದೆ. ಉಳಿಸಲು ಹೆಚ್ಚೇನೂ ಇರುವುದಿಲ್ಲ. ನಮ್ಮಂಥ ದೊಡ್ಡ ಪ್ಯಾನೆಲ್ ಇದ್ದು ಇನ್ವರ್ಟರ್ 24 ವೋಲ್ಟಿನದಾಗಿದ್ದರೆ, ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿದಾಗಲೂ ಪಿಡಬ್ಲ್ಯೂಎಂ ನಷ್ಟ ಅಷ್ಟಾಗಿ ಕಾಡುವುದಿಲ್ಲ.