ನೆಪೋಲಿಯನ್ ಪ್ರಮೇಯಕ್ಕೆ ನಾಲ್ಕು ದಾರಿ ಹಿಡಿದು ನೋಡ್ದೆ: ಕಾಂಪ್ಲೆಕ್ಸ್ ನಂಬರ್ ಎಲ್ಲಿ ಗೆಲ್ಲುತ್ತೆ, ಎಲ್ಲಿ ಕೈ ಕೊಡುತ್ತೆ

ಒಲಿಂಪಿಯಾಡ್ ತಯಾರಿ ಮಾಡೋವಾಗ ಒಂದು ದಿನ ಸುಮ್ನೆ ಹಠ ಹಿಡಿದು ಒಂದೇ ಪ್ರಮೇಯನ ನಾಲ್ಕು ಥರ ಸಾಧಿಸೋಕೆ ಕೂತೆ. ಪ್ರಮೇಯ ಎಲ್ಲರಿಗೂ ಗೊತ್ತಿರೋದೇ, ಯಾವುದೋ ಒಂದು ತ್ರಿಭುಜ ABC ತಗೊಂಡು ಅದರ ಮೂರೂ ಬಾಹುಗಳ ಮೇಲೆ ಹೊರಗಡೆಗೆ ಸಮಬಾಹು ತ್ರಿಭುಜ ಕಟ್ಟಿ, ಆ ಮೂರರ ಮಧ್ಯಬಿಂದುಗಳನ್ನ, ಅಂದ್ರೆ ಗುರುತ್ವ ಕೇಂದ್ರಗಳನ್ನ ಸೇರಿಸಿದ್ರೆ ಇನ್ನೊಂದು ಸಮಬಾಹು ತ್ರಿಭುಜ ಬರುತ್ತೆ. ನೆಪೋಲಿಯನ್ ಹೆಸರಿದೆ, ಅವನೇ ಸಾಧಿಸಿದ್ನಾ ಅನ್ನೋದು ಬೇರೆ ಮಾತು.

ಮೊದಲು ಕೋಆರ್ಡಿನೇಟ್. B ನ ಮೂಲಬಿಂದುವಲ್ಲಿಟ್ಟು C ನ x ಅಕ್ಷದ ಮೇಲೆ ಹಾಕಿ ಶುರು ಮಾಡ್ದೆ. ತಪ್ಪೇನಿಲ್ಲ, ಉತ್ತರ ಬರುತ್ತೆ, ಆದ್ರೆ ಪ್ರತಿ ಸಾಲಲ್ಲೂ √3 ಓಡಾಡ್ತಾ ಇರುತ್ತೆ, ಮೂರು ದೂರಗಳ ವರ್ಗ ಬಿಡಿಸ್ಬೇಕು, ಒಂದು ಮೈನಸ್ ಜಾರಿದ್ರೆ ಎಲ್ಲಿ ಜಾರ್ತು ಅಂತ ಹುಡುಕೋಕೆ ಆಗಲ್ಲ. ಒಂದೂವರೆ ಪುಟ ಆಯ್ತು, ಮತ್ತೆ ಆ ಕಡೆ ತಲೆ ಹಾಕಿಲ್ಲ.

ಎರಡನೇದು ಶುದ್ಧ ಜ್ಯಾಮಿತಿ. ಮೂರು ಹೊರ ತ್ರಿಭುಜಗಳ ಪರಿವೃತ್ತಗಳು ಒಂದೇ ಬಿಂದುವಲ್ಲಿ ಸೇರ್ತವೆ ಅಂತ ತೋರಿಸಿ, ಎರಡು ವೃತ್ತಗಳ ಕೇಂದ್ರ ಸೇರಿಸೋ ರೇಖೆ ಅವುಗಳ ಸಾಮಾನ್ಯ ಜ್ಯಾಕ್ಕೆ ಲಂಬ ಅನ್ನೋದು ಹಾಕಿದ್ರೆ 60 ಡಿಗ್ರಿ ತಾನಾಗೇ ಬೀಳುತ್ತೆ. ನೋಡೋಕೆ ಇದೇ ಅತಿ ಚಂದ. ಆದ್ರೆ ABC ಯ ಒಂದು ಕೋನ 120 ಡಿಗ್ರಿ ದಾಟಿದ್ರೆ ಆ ಬಿಂದು ತ್ರಿಭುಜದ ಹೊರಗೆ ಹೋಗುತ್ತೆ, ಚಿತ್ರ ಬದಲಾಗುತ್ತೆ, ಆಗ ಆ ಕೇಸನ್ನ ಬೇರೆ ಬರೀಬೇಕು. ನಾನು ಬರೆದಿರಲಿಲ್ಲ, ನನ್ನ ಉತ್ತರ ನೋಡಿದವರು ಅಲ್ಲೇ ಕೆಂಪು ಗೆರೆ ಎಳೆದ್ರು.

ಮೂರನೇದು ಕೊಸೈನ್ ನಿಯಮ, ಇದನ್ನ ಜನ ಸುಮ್ನೆ ಮರೀತಾರೆ. A ಇಂದ ಅಕ್ಕಪಕ್ಕದ ಎರಡು ಕೇಂದ್ರಗಳಿಗೆ ದೂರ b/√3 ಮತ್ತು c/√3, ಮಧ್ಯದ ಕೋನ A+60. ಕೊಸೈನ್ ನಿಯಮ ಹಾಕಿ ಬಿಡಿಸಿದ್ರೆ ಬಾಹುವಿನ ವರ್ಗ ಹೀಗೆ ಬರುತ್ತೆ, ಇಲ್ಲಿ S ಅಂದ್ರೆ ABC ಯ ವಿಸ್ತೀರ್ಣ:

```
s² = (a² + b² + c²)/6 + 2S/√3
```

ಇದರಲ್ಲಿ a, b, c ಮೂರೂ ಒಂದೇ ಥರ ಇವೆ, ಅಂದ್ಮೇಲೆ ಯಾವ ಬಾಹು ತಗೊಂಡ್ರೂ ಇದೇ ಉತ್ತರ, ಮುಗೀತು. ಬಾಹುವಿನ ಉದ್ದನೂ ಬೋನಸ್ಸಾಗಿ ಸಿಗುತ್ತೆ, ಅದು ಕಾಂಪ್ಲೆಕ್ಸಲ್ಲಿ ಪುಕ್ಕಟೆ ಸಿಗಲ್ಲ. ನಿಜ ಹೇಳ್ಬೇಕಂದ್ರೆ ಈ ಒಂದು ಲೆಕ್ಕಕ್ಕೆ ಇದು ಕಾಂಪ್ಲೆಕ್ಸಿಗೆ ಸರಿಸಮ.

ಈಗ ಕಾಂಪ್ಲೆಕ್ಸ್. ಬಿಂದುಗಳೇ ಸಂಖ್ಯೆಗಳು a, b, c (ಮೇಲೆ ಇದ್ದ ಬಾಹುಗಳಲ್ಲ, ಗಮನ ಇರಲಿ). ω ಅಂದ್ರೆ 120 ಡಿಗ್ರಿ ತಿರುಗಿಸೋ ಸಂಖ್ಯೆ, ω³ = 1, 1+ω+ω² = 0. ಇಡೀ ಕೆಲಸ ನಿಂತಿರೋದು ಒಂದೇ ಮಾತಿನ ಮೇಲೆ: x, y, z ಅಪ್ರದಕ್ಷಿಣವಾಗಿ ಸಮಬಾಹು ಆದ್ರೆ x+ωy+ω²z = 0, ಇದು ತಿರುಗಾ ಮುರುಗಾ ಎರಡೂ ಕಡೆ ನಿಜ. ABC ನೂ ಅಪ್ರದಕ್ಷಿಣ ಅಂತ ಇಟ್ಕೊಂಡ್ರೆ BC ಮೇಲಿನ ಹೊರ ತುದಿ A' ಗೆ ಅಪ್ರದಕ್ಷಿಣ ಕ್ರಮ A', C, B. ಹಾಗಾಗಿ:

```
a' = -ωc - ω²b
p = (a' + b + c)/3 = [b(1-ω²) + c(1-ω)]/3
q = [c(1-ω²) + a(1-ω)]/3
r = [a(1-ω²) + b(1-ω)]/3
```

p ಬಂದ್ಮೇಲೆ q, r ಗೆ ಅಕ್ಷರ ತಿರುಗಿಸಿದ್ರೆ ಸಾಕು. ಈಗ p+ωq+ω²r ಅಲ್ಲಿ a ಯ ಗುಣಕ ನೋಡಿ, 1/3 ಬಿಟ್ರೆ ω−ω²+ω²−ω⁴, ω⁴ ಅಂದ್ರೆ ω, ಸೊನ್ನೆ. b, c ಗೂ ಹಾಗೇ ಸೊನ್ನೆ. ಆರು ಸಾಲು. 120 ಡಿಗ್ರಿ ಕೇಸು ಗೀಸು ಏನೂ ಇಲ್ಲ, ಚಿತ್ರ ಹೇಗಿದ್ರೂ ಬೀಜಗಣಿತ ಬದಲಾಗಲ್ಲ, ನನಗೆ ಇದೇ ದೊಡ್ಡ ಲಾಭ ಅನ್ಸಿದ್ದು.

ಆದ್ರೆ ಮೊದಲನೇ ಸಲ ನನಗೆ ಸೊನ್ನೆ ಬರಲೇ ಇಲ್ಲ. ಕಾರಣ ದಿಕ್ಕು. ಎರಡು ಬಾಹುಗಳಲ್ಲಿ ಹೊರಗೆ, ಒಂದರಲ್ಲಿ ಗೊತ್ತಿಲ್ಲದೆ ಒಳಗೆ ಕಟ್ಟಿದ್ದೆ, ω ಮತ್ತು ω² ಅದಲು ಬದಲಾದ್ರೆ ಸಾಕು ಹಾಗಾಗೋಕೆ. ಇದನ್ನ ಹಿಡಿಯೋಕೆ ಅರ್ಧ ನಿಮಿಷದ ಟೆಸ್ಟ್ ಇದೆ: a=1, b=ω, c=ω² ಹಾಕಿ ನೋಡಿ. ಸರಿ ಇದ್ರೆ a' = −2 ಬರುತ್ತೆ, ಅದು BC ಯ ಆಚೆ ಕಡೆ ಇದೆ. ತಪ್ಪಿದ್ರೆ 1 ಬರುತ್ತೆ, ಅಂದ್ರೆ A ಮೇಲೇ ಕೂತಿದೆ. ಇನ್ನೊಂದು, x=y=z ಆದ್ರೂ ಆ ಸಮೀಕರಣ ಸೊನ್ನೆನೇ! ಒಳಗಡೆ ಕಟ್ಟೋ ರೂಪದಲ್ಲಿ ABC ನೇ ಸಮಬಾಹು ಆಗಿದ್ರೆ ಮೂರು ಕೇಂದ್ರನೂ ಒಂದೇ ಬಿಂದು ಆಗ್ಬಿಡುತ್ತೆ, ಅದನ್ನ ಒಂದು ವಾಕ್ಯದಲ್ಲಿ ಹೇಳ್ಬಿಡಿ.

ಇನ್ನು ನಾಲ್ಕು ಬಿಂದು ಒಂದೇ ವೃತ್ತದ ಮೇಲಿವೆ ಅನ್ನೋದು. ಎಲ್ಲರೂ ಮೊದಲು ಕಲಿಯೋದು ಅಡ್ಡ ಅನುಪಾತ, ಅಂದ್ರೆ (a−c)(b−d) ನ (a−d)(b−c) ಇಂದ ಭಾಗಿಸಿದ್ರೆ ವಾಸ್ತವ ಸಂಖ್ಯೆ ಬರ್ಬೇಕು. ಇದು ನಾಲ್ಕೂ ಒಂದೇ ಸರಳರೇಖೆ ಮೇಲಿದ್ರೂ ನಿಜ, ಹಾಗಾಗಿ ರೇಖೆ ಅಲ್ಲ ಅಂತ ಬೇರೆ ತೋರಿಸ್ಬೇಕು. ನನ್ನ ಅನುಭವದಲ್ಲಿ ಇದು ಕೊನೇ ಆಯುಧ. ಅದಕ್ಕಿಂತ ಕೇಂದ್ರ ಯಾವುದು ಅಂತ ಊಹಿಸಿ ದೂರ ಲೆಕ್ಕ ಹಾಕೋದೇ ಲೇಸು.

ಒಂಬತ್ತು ಬಿಂದುಗಳ ವೃತ್ತ ತಗೊಳ್ಳಿ. ಪರಿವೃತ್ತನ ಏಕಮಾನ ವೃತ್ತ ಮಾಡ್ಕೊಂಡ್ರೆ ಲಂಬಕೇಂದ್ರ h = a+b+c. ಕೇಂದ್ರ h/2 ಅಂತ ಊಹಿಸಿ. BC ಯ ಮಧ್ಯಬಿಂದು (b+c)/2, ವ್ಯತ್ಯಾಸ a/2. AH ನ ಮಧ್ಯಬಿಂದುಗೂ a/2. A ಇಂದ BC ಗೆ ಲಂಬಪಾದ (a+b+c−bc/a)/2, ವ್ಯತ್ಯಾಸ −bc/(2a). ಎಲ್ಲದರ ಪರಿಮಾಣ 1/2, ಯಾಕಂದ್ರೆ |a|=|b|=|c|=1. ಮೂರೇ ಸಾಲಲ್ಲಿ ಒಂಬತ್ತು ಬಿಂದು, ಇಲ್ಲಿ ಶುದ್ಧ ಜ್ಯಾಮಿತಿ ಹಿಂದೆ ಬಿತ್ತು ಅಂತ ಒಪ್ಕೊಳ್ಳೇಬೇಕು. ಆದ್ರೆ B, C ಮತ್ತು ಅವುಗಳ ಲಂಬಪಾದ ಎರಡು, ಈ ನಾಲ್ಕು ಒಂದೇ ವೃತ್ತ ಅಂತ ಕೇಳಿದ್ರೆ BC ವ್ಯಾಸ, ಎರಡೂ ಲಂಬಕೋನ, ಮುಗೀತು. ಅದಕ್ಕೆ ಯಾರಾದ್ರೂ ಕಾಂಪ್ಲೆಕ್ಸ್ ತೆಗೆದ್ರೆ ನಗು ಬರುತ್ತೆ.

ಕಾಂಪ್ಲೆಕ್ಸ್ ನಿಜವಾಗಿ ಸುಸ್ತು ಮಾಡೋದು ಛೇದನ ಬಿಂದುಗಳು ಜಾಸ್ತಿ ಇದ್ದಾಗ. ab, cd ಜ್ಯಾಗಳು ಸೇರೋ ಬಿಂದುವೇ (ab(c+d)−cd(a+b))/(ab−cd), ಇಂಥದ್ದು ಎರಡು ಸೇರಿಸಿ ಅಡ್ಡ ಅನುಪಾತಕ್ಕೆ ಹಾಕಿದ್ರೆ ಪುಟ ತುಂಬುತ್ತೆ. ಅಂತಃಕೇಂದ್ರ ಬಂದ್ರೆ ಇನ್ನೊಂದು ತಲೆನೋವು, a=x², b=y², c=z² ಅಂತ ಬರೆದು −(xy+yz+zx) ತಗೋಬೇಕು, ಆದ್ರೆ ವರ್ಗಮೂಲದ ಚಿಹ್ನೆ ನಮ್ಮಿಷ್ಟ ಬಂದ ಹಾಗೆ ಹಾಕೋ ಹಾಗಿಲ್ಲ: −yz ಅನ್ನೋದು A ಇಲ್ಲದ ಕಡೆಯ BC ಕಂಸದ ಮಧ್ಯಬಿಂದು ಆಗ್ಬೇಕು, −zx, −xy ಕೂಡ ಅದೇ ಥರ. ಹಾಗೆ ಆರಿಸೋಕೆ ಯಾವಾಗ್ಲೂ ಆಗುತ್ತೆ, ಆದ್ರೆ ಆರಿಸಿದೀನಿ ಅಂತ ಬರೀದೇ ಇದ್ರೆ ನೀವು ಸಾಧಿಸಿದ್ದು ಅಂತಃಕೇಂದ್ರಕ್ಕೋ ಬಹಿಃಕೇಂದ್ರಕ್ಕೋ ಓದೋರಿಗೆ ಗೊತ್ತಾಗಲ್ಲ.